ಫೋನಿನಲ್ಲಿ ನೆಟ್ಟಗಿರುವ ವೀಡಿಯೋ ಅಪ್‌ಲೋಡ್ ಆದ ಮೇಲೆ ಅಡ್ಡ ಮಲಗುತ್ತದೆ, ತಿರುಗಿಸಿದರೆ ಕಪ್ಪು ಪಟ್ಟಿ ಬರುತ್ತದೆ

ಮಾಲಿನಿ

ಎಲ್ಲರಿಗೂ ನಮಸ್ಕಾರ. ಕಾಗದ ಮಡಿಸಿ ಪೆಟ್ಟಿಗೆ ಮಾಡುವುದನ್ನು ಮಕ್ಕಳಿಗೆ ಹೇಳಿಕೊಡಲು ಹದಿನಾಲ್ಕು ನಿಮಿಷದ ಒಂದು ವೀಡಿಯೋ ಮಾಡಿದ್ದೇನೆ. ಫೋನನ್ನು ಸ್ಟ್ಯಾಂಡಿಗೆ ಉದ್ದಕ್ಕೆ ಸಿಕ್ಕಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಮೇಜಿನ ಮೇಲಿನ ನನ್ನ ಕೈಗಳು ಕಾಣುವ ಹಾಗೆ ಇಟ್ಟಿದ್ದೆ. ಗ್ಯಾಲರಿಯಲ್ಲಿ ನೋಡಿದರೆ ಸರಿಯಾಗಿದೆ. ಕೈಗಳು ಪರದೆಯ ಕೆಳಗಿನಿಂದ ಬರುತ್ತವೆ.

ಶುರುವಿನ ಹನ್ನೆರಡು ಸೆಕೆಂಡು ಬೇಡವಾಗಿತ್ತು. ಅಷ್ಟನ್ನು ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಕತ್ತರಿಸುವ ತಂತ್ರಾಂಶದಿಂದ ತೆಗೆದು ಅಪ್‌ಲೋಡ್ ಮಾಡಿದೆ. ಅಲ್ಲಿ ನೋಡಿದರೆ ಇಡೀ ವೀಡಿಯೋ ಅಡ್ಡ ಮಲಗಿದೆ, ಕೈಗಳು ಬಲಗಡೆಯಿಂದ ಬರುತ್ತಿವೆ. ಆಮೇಲೆ ಬೇರೊಂದು ಎಡಿಟಿಂಗ್ ಆ್ಯಪ್‌ನಲ್ಲಿ ಹಾಕಿ ತಿರುಗಿಸಿ ಮತ್ತೆ ಅಪ್‌ಲೋಡ್ ಮಾಡಿದೆ. ಈಗ ನೆಟ್ಟಗಿದೆ. ಆದರೆ ಎಡಕ್ಕೂ ಬಲಕ್ಕೂ ದಪ್ಪ ಕಪ್ಪು ಪಟ್ಟಿ. ಫೋನಿನಲ್ಲಿ ನೋಡಿದರೆ ಇನ್ನೂ ಕಷ್ಟ, ನಾಲ್ಕೂ ಕಡೆ ಕಪ್ಪು, ನಡುವೆ ಅಂಗೈಯಷ್ಟೂ ಇಲ್ಲದ ಚಿತ್ರ. ಕಾಗದದ ಮಡಿಕೆ ಗೆರೆಯೇ ಕಾಣುವುದಿಲ್ಲ. ಆ ಗೆರೆ ಕಾಣದಿದ್ದರೆ ಈ ವೀಡಿಯೋ ಇದ್ದೂ ಪ್ರಯೋಜನವಿಲ್ಲ.

ಮೊದಲಿನ ಫೈಲ್ ಫೋನಿನಲ್ಲಿ ಇನ್ನೂ ಇದೆ. ಎಲ್ಲಿ ತಪ್ಪಾಯಿತು ಹೇಳುತ್ತೀರಾ?

ಪವನ್

ಇದು ಸುಲಭ ಮೇಡಂ. ವಿಎಲ್‌ಸಿಯಲ್ಲಿ ಫೈಲ್ ತೆರೆಯಿರಿ. ಎಫೆಕ್ಟ್ಸ್ ಒಳಗೆ ವೀಡಿಯೋ, ಅದರಲ್ಲಿ ಜಿಯೊಮೆಟ್ರಿ ಅಂತ ಇರುತ್ತದೆ. ಅಲ್ಲಿ 90 ಡಿಗ್ರಿ ಆರಿಸಿದರೆ ತಿರುಗುತ್ತದೆ. ಆಮೇಲೆ ಅಪ್‌ಲೋಡ್ ಮಾಡಿ.

ಇಕ್ಬಾಲ್

ಪವನ್, ಅದು ನೋಡುವಾಗ ಮಾತ್ರ ತಿರುಗಿಸುತ್ತದೆ. ಫೈಲ್ ಇದ್ದ ಹಾಗೇ ಇರುತ್ತದೆ. ನಾನೂ ಹಾಗೆ ಮಾಡಿ, ಸರಿಯಾಯಿತು ಅಂದುಕೊಂಡು ಅದೇ ಫೈಲನ್ನು ಎರಡು ಸಲ ಕಳುಹಿಸಿದ್ದೇನೆ. ನೋಡುವವರಿಗೆ ಎರಡೂ ಸಲ ಅಡ್ಡವೇ.

ಸುಧೀಂದ್ರ

ಮಾಲಿನಿ ಅವರೇ, ಫೋನಿನ ಮೂಲ ಫೈಲನ್ನು ದಯವಿಟ್ಟು ಅಳಿಸಬೇಡಿ. ಅದಿದ್ದರೆ ಎಲ್ಲವೂ ಸರಿ ಹೋಗುತ್ತದೆ.

ನಿಮ್ಮ ಬಳಿ ಈಗ ಮೂರು ಫೈಲ್ ಇವೆ ಅಲ್ವಾ? ಫೋನಿನದು, ಕತ್ತರಿಸಿದ್ದು, ಆ್ಯಪ್‌ನಲ್ಲಿ ತಿರುಗಿಸಿದ್ದು. ಮೂರನ್ನೂ ಕಂಪ್ಯೂಟರಿಗೆ ತನ್ನಿ. ಫೋನಿನಿಂದ ಕೇಬಲ್ ಹಾಕಿಯೇ ತನ್ನಿ, ಮೆಸೇಜ್ ಆ್ಯಪ್‌ನಲ್ಲಿ ನಿಮಗೆ ನೀವೇ ಕಳುಹಿಸಿಕೊಳ್ಳಬೇಡಿ. ಅಲ್ಲಿ ವೀಡಿಯೋ ಕುಗ್ಗಿ ಬೇರೆಯೇ ಫೈಲ್ ಆಗಿರುತ್ತದೆ. ಆಮೇಲೆ MediaInfo ಅನ್ನುವ ಉಚಿತ ತಂತ್ರಾಂಶದಲ್ಲಿ ಒಂದೊಂದಾಗಿ ತೆರೆದು, ವೀಡಿಯೋ ಭಾಗದಲ್ಲಿ ಬರುವ Width, Height, Rotation ಈ ಮೂರು ಸಾಲುಗಳನ್ನು ಇಲ್ಲಿ ಬರೆಯಿರಿ. Rotation ಅನ್ನುವ ಸಾಲೇ ಇಲ್ಲದಿದ್ದರೆ ಇಲ್ಲ ಅಂತ ಬರೆಯಿರಿ. ಅದು ಇಲ್ಲದಿರುವುದೂ ನಮಗೆ ಬೇಕಾದ ವಿಷಯವೇ.

ವಸಂತ

ನನಗೂ ಇದೇ ತೊಂದರೆ. ಹಳೆಯ ಟೇಪಿನಲ್ಲಿದ್ದ ಮನೆಯ ಸಮಾರಂಭದ ವೀಡಿಯೋ ಕಂಪ್ಯೂಟರಿಗೆ ಹಾಕಿಸಿದ್ದೇನೆ. ಅಪ್‌ಲೋಡ್ ಮಾಡಿದರೆ ಎರಡೂ ಪಕ್ಕದಲ್ಲಿ ಕಪ್ಪು. ಪರದೆ ತುಂಬ ಬರುವ ಹಾಗೆ ಮಾಡುವುದು ಹೇಗೆ? ನನ್ನ ಮೊಮ್ಮಗಳು ಅಪ್‌ಲೋಡ್ ಮಾಡುವಾಗ ಏನೋ ಟ್ಯಾಗ್ ಹಾಕಿದರೆ ಆಗುತ್ತದೆ ಅಂದಳು.

ಮಾಲಿನಿ

ಸುಧೀಂದ್ರ ಸರ್, ಬರೆದುಕೊಂಡು ಬಂದಿದ್ದೇನೆ.

ಫೋನಿನದು:

```
Width    : 1 920 pixels
Height   : 1 080 pixels
Rotation : 90°
```

ಕತ್ತರಿಸಿದ್ದು: Width 1 920, Height 1 080. Rotation ಸಾಲು ಇಲ್ಲ.

ಆ್ಯಪ್‌ನಲ್ಲಿ ತಿರುಗಿಸಿದ್ದು: ಅದೂ 1 920, 1 080. Rotation ಇಲ್ಲ.

ಒಂದು ಅರ್ಥವಾಗಲಿಲ್ಲ. ನಾನು ಫೋನನ್ನು ಉದ್ದಕ್ಕೆ ಇಟ್ಟು ತೆಗೆದದ್ದು. ಹಾಗಿದ್ದ ಮೇಲೆ ಅಗಲ ಕಡಿಮೆ, ಎತ್ತರ ಜಾಸ್ತಿ ಇರಬೇಕಲ್ವಾ? ಮೂರರಲ್ಲೂ ಅಗಲವೇ ಜಾಸ್ತಿ ತೋರಿಸುತ್ತಿದೆ.

ಸುಧೀಂದ್ರ

ನಿಮ್ಮ ಆ ಕೊನೆಯ ಪ್ರಶ್ನೆಯಲ್ಲೇ ಉತ್ತರ ಇದೆ.

ಫೋನಿನ ಕ್ಯಾಮೆರಾ ಒಳಗಿನ ಸೆನ್ಸರ್ ಒಂದೇ ದಿಕ್ಕಿನಲ್ಲಿ ಕೂತಿರುತ್ತದೆ. ನೀವು ಫೋನನ್ನು ಉದ್ದಕ್ಕೆ ಹಿಡಿದರೂ ಅದು ತಿರುಗುವುದಿಲ್ಲ. ಹಾಗಾಗಿ ಹೆಚ್ಚಿನ ಫೋನುಗಳು ಚಿತ್ರವನ್ನು 1920 ಅಗಲ, 1080 ಎತ್ತರದಲ್ಲಿ, ಅಂದರೆ ಅಡ್ಡಲಾಗಿಯೇ ಬರೆದಿಡುತ್ತವೆ. ಜೊತೆಗೆ ಫೈಲಿನ ತಲೆಯಲ್ಲಿ ಒಂದು ಚೀಟಿ ಅಂಟಿಸುತ್ತವೆ: ತೋರಿಸುವಾಗ ಇದನ್ನು ಬಲಕ್ಕೆ 90 ಡಿಗ್ರಿ ತಿರುಗಿಸಿ. ಆ ಚೀಟಿಯೇ ನೀವು ಕಂಡ Rotation ಸಾಲು.

ನಿಮ್ಮ ಗ್ಯಾಲರಿ ಚೀಟಿ ಓದಿ ತಿರುಗಿಸಿ ತೋರಿಸಿತು. ಕತ್ತರಿಸುವ ತಂತ್ರಾಂಶ ಚಿತ್ರವನ್ನು ಮಾತ್ರ ಹೊಸ ಫೈಲಿಗೆ ಹಾಕಿ, ಚೀಟಿಯನ್ನು ಅಲ್ಲೇ ಬಿಟ್ಟಿತು. ಅಪ್‌ಲೋಡ್ ಆದ ಜಾಗದಲ್ಲಿ ಚೀಟಿ ಇಲ್ಲದ ಅಡ್ಡ ಚಿತ್ರ ಬಂತು, ಅದು ಹಾಗೇ ತೋರಿಸಿತು. ಅಪ್‌ಲೋಡ್ ಮಾಡಿದ ತಾಣದ್ದು ಇಲ್ಲಿ ತಪ್ಪೇನಿಲ್ಲ. ಅದಕ್ಕೆ ತಿಳಿಯುವ ದಾರಿಯೇ ಇರಲಿಲ್ಲ.

ನೀವು ಕಂಡ ಇನ್ನೊಂದು ಗುರುತೂ ಇದಕ್ಕೆ ಹೊಂದುತ್ತದೆ. ಬಲಕ್ಕೆ 90 ಡಿಗ್ರಿ ತಿರುಗಿಸಬೇಕಾದ ಚಿತ್ರವನ್ನು ತಿರುಗಿಸದೆ ಬಿಟ್ಟರೆ, ಕೆಳಗೆ ಇರಬೇಕಾದದ್ದು ಬಲಗಡೆ ಕಾಣುತ್ತದೆ. ನಿಮ್ಮ ಕೈಗಳು ಬಲಗಡೆಯಿಂದ ಬಂದವು ಅಂದಿರಲ್ಲ, ಅದು ಅದೇ.

ಮೂರನೇ ಫೈಲಿನ ಕಥೆ ಬೇರೆ. ಆ್ಯಪ್ ನಿಮ್ಮ ಚಿತ್ರವನ್ನು ನಿಜವಾಗಿಯೂ ತಿರುಗಿಸಿತು. ಆದರೆ ಅದರ ಟೈಮ್‌ಲೈನ್ ಅಡ್ಡ ಚೌಕಟ್ಟಿನದು, 1920 ಅಗಲ 1080 ಎತ್ತರ. ಉದ್ದನೆಯ ಚಿತ್ರ ಅದರೊಳಗೆ ಕೂರಬೇಕಾದರೆ ಕುಗ್ಗಬೇಕು. ಎತ್ತರ 1080ಕ್ಕೆ ಇಳಿದಾಗ ಅಗಲ ಸುಮಾರು 608ಕ್ಕೆ ಇಳಿಯುತ್ತದೆ. ಉಳಿದ ಜಾಗಕ್ಕೆ ಎರಡೂ ಕಡೆ 656 ಪಿಕ್ಸೆಲ್ ಕಪ್ಪು ತುಂಬಿ ಎಕ್ಸ್‌ಪೋರ್ಟ್ ಮಾಡಿದೆ. ಆ ಕಪ್ಪು ಈಗ ಚಿತ್ರದ ಭಾಗವೇ ಆಗಿಬಿಟ್ಟಿದೆ. ಫೋನನ್ನು ಉದ್ದಕ್ಕೆ ಹಿಡಿದು ನೋಡುವವರಿಗೆ ಪ್ಲೇಯರ್ ಮೇಲೆ ಕೆಳಗೆ ತನ್ನದೇ ಕಪ್ಪು ಸೇರಿಸುತ್ತದೆ. ಆದ್ದರಿಂದ ನಾಲ್ಕೂ ಕಡೆ ಕಪ್ಪು. ಪರದೆಯ ಅಗಲದಲ್ಲಿ ಮೂರರಲ್ಲಿ ಒಂದು ಪಾಲೂ ಪೂರ್ತಿ ನಿಮ್ಮ ಕಾಗದಕ್ಕೆ ಸಿಗುತ್ತಿಲ್ಲ.

ಪವನ್

ಹಾಗಾದರೆ ಆಜ್ಞೆ ಟೈಪ್ ಮಾಡಿ ಓಡಿಸುವ ffmpeg ತಂತ್ರಾಂಶ ಹಾಕಿ ತಿರುಗಿಸಿಬಿಡಿ ಮೇಡಂ, ಒಂದೇ ಸಾಲು. ಮೂಲ ಫೈಲಿನ ಮೇಲೆ ಇದನ್ನು ಓಡಿಸಿ. transpose=1 ಅಂದರೆ ಬಲಕ್ಕೆ 90.

```
ffmpeg -i mula.mp4 -vf transpose=1 hosa.mp4
```

ಮಾಲಿನಿ

ಪವನ್ ಅವರೇ, ಮಾಡಿ ನೋಡಿದೆ. ಸುಮಾರು ಹೊತ್ತು ಓಡಿತು. ಮತ್ತೆ ಅಡ್ಡವೇ ಬಂತು! ಈ ಸಲ ಕೈಗಳು ಎಡಗಡೆಯಿಂದ ಬರುತ್ತಿವೆ.

ಸುಧೀಂದ್ರ

ಎಡಗಡೆಯಿಂದ ಅಂತ ಹೇಳಿದ್ದು ಒಳ್ಳೆಯದಾಯಿತು. ಎರಡು ಸಲ ತಿರುಗಿದೆ ಅಂತ ಅದರಿಂದಲೇ ಗೊತ್ತಾಗುತ್ತದೆ.

ಪವನ್ ಹೇಳಿದ ಸಾಲು ತಪ್ಪಲ್ಲ, ಆದರೆ ಅದು ಎರಡನೇ ಫೈಲಿಗೆ ಸರಿ. ಚೀಟಿ ಇರುವ ಫೈಲನ್ನು ಕೊಟ್ಟರೆ ffmpeg ಮೊದಲು ತಾನೇ ಚೀಟಿ ಓದಿ ನೆಟ್ಟಗೆ ಮಾಡಿಕೊಳ್ಳುತ್ತದೆ. ಅದರ ಮೇಲೆ ನಾವು transpose=1 ಅಂದರೆ ನೆಟ್ಟಗಿರುವುದನ್ನು ಮತ್ತೆ ಬಲಕ್ಕೆ ಮಲಗಿಸುತ್ತದೆ. ಮೂಲ ಫೈಲಿಗೆ ತಿರುಗಿಸು ಅಂತ ಹೇಳುವ ಅಗತ್ಯವೇ ಇಲ್ಲ. ಸುಮ್ನೆ ಹೊಸದಾಗಿ ಎನ್‌ಕೋಡ್ ಮಾಡು ಅಂದರೆ ಸಾಕು. ನಿಮಗೆ ಬೇಡವಾದ ಹನ್ನೆರಡು ಸೆಕೆಂಡನ್ನೂ ಇದರಲ್ಲೇ ತೆಗೆಯಬಹುದು:

```
ffmpeg -ss 12 -i mula.mp4 -c:v libx264 -crf 18 -pix_fmt yuv420p -c:a copy netta.mp4
```

ಮುಗಿದ ಮೇಲೆ netta.mp4 ಅನ್ನು MediaInfo ದಲ್ಲಿ ತೆರೆಯಿರಿ. Width 1 080, Height 1 920 ಇರಬೇಕು, Rotation ಸಾಲು ಇರಬಾರದು. ಹಾಗಿದ್ದರೆ ಚಿತ್ರದ ಪಿಕ್ಸೆಲ್‌ಗಳೇ ನೆಟ್ಟಗೆ ನಿಂತಿವೆ ಅಂತ ಅರ್ಥ. ಇನ್ನು ಯಾರೂ ಚೀಟಿ ಓದಬೇಕಾಗಿಲ್ಲ, ಓದದಿದ್ದರೂ ಕೆಡುವುದಿಲ್ಲ.

crf 18 ಅನ್ನುವುದು ಗುಣಮಟ್ಟದ ಅಳತೆ. ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಏನೂ ಹೇಳದಿದ್ದರೆ ಅದು 23 ತೆಗೆದುಕೊಳ್ಳುತ್ತದೆ. ಮಡಿಕೆ ಗೆರೆಯಂಥ ಸಣ್ಣ ವಿವರ ನಿಮಗೆ ಮುಖ್ಯ, ಅದಕ್ಕೆ 18 ಹಾಕಿದೆ.

ಇಕ್ಬಾಲ್

ಇಲ್ಲಿ ನನ್ನದೊಂದು ತಕರಾರು ಇದೆ ಸುಧೀಂದ್ರ ಅವರೇ. ಹದಿನಾಲ್ಕು ನಿಮಿಷದ ವೀಡಿಯೋವನ್ನು ಪೂರ್ತಿ ಎನ್‌ಕೋಡ್ ಮಾಡುವುದು ಯಾಕೆ? ಚೀಟಿ ಹೋಗಿದೆ ಅಷ್ಟೇ. ಕತ್ತರಿಸಿದ ಫೈಲಿಗೆ ಚೀಟಿ ಮತ್ತೆ ಅಂಟಿಸಿದರೆ ಮುಗಿಯಿತಲ್ಲ. ಚಿತ್ರದ ಒಂದು ಪಿಕ್ಸೆಲ್ ಕೂಡ ಕೆಡುವುದಿಲ್ಲ, ಕೆಲವೇ ಸೆಕೆಂಡಿನ ಕೆಲಸ.

```
ffmpeg -display_rotation -90 -i kattarisida.mp4 -c copy sari.mp4
```

ಮೈನಸ್ ಯಾಕೆ ಅಂದರೆ ಈ ಆಯ್ಕೆ ಎಡಕ್ಕೆ ತಿರುಗುವುದನ್ನು ಪ್ಲಸ್ ಅಂತ ಎಣಿಸುತ್ತದೆ. ಬಲಕ್ಕೆ ತಿರುಗಬೇಕಾದರೆ -90. ಅದು `-i` ಗಿಂತ ಮೊದಲೇ ಬರಬೇಕು.

ಮಾಲಿನಿ

ಇದನ್ನೂ ಮಾಡಿ ನೋಡಿದೆ. ಹೀಗೆ ಬರುತ್ತಿದೆ:

```
Unrecognized option 'display_rotation'.
```

ಇಕ್ಬಾಲ್

ನಿಮ್ಮ ffmpeg ಹಳೆಯದು. 2023ರಲ್ಲಿ ಬಂದ 6.0 ರಿಂದ ಈಚೆಗೆ ಆ ಆಯ್ಕೆ ಇದೆ. ಹಳೆಯದರಲ್ಲಿ ಹೀಗೆ ಬರೆಯುತ್ತಿದ್ದೆವು:

```
ffmpeg -i kattarisida.mp4 -c copy -metadata:s:v:0 rotate=90 sari.mp4
```

ಇಲ್ಲಿ 90 ಪ್ಲಸ್. ಎರಡೂ ಬಗೆಯನ್ನು ಕಲಸಿಕೊಳ್ಳಬೇಡಿ, ತಲೆಕೆಳಗಾಗುತ್ತದೆ. ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಈ ಹಳೆಯ ಸಾಲನ್ನು ನೆಚ್ಚಿಕೊಳ್ಳಬೇಡಿ.

ಸುಧೀಂದ್ರ

ಇಕ್ಬಾಲ್ ಹೇಳಿದ್ದು ಕೆಲಸ ಮಾಡುತ್ತದೆ. ಯೂಟ್ಯೂಬಿನಂಥ ದೊಡ್ಡ ತಾಣಗಳು ಸಾಮಾನ್ಯವಾಗಿ ಚೀಟಿ ಓದುತ್ತವೆ. ನಾನು ಇಲ್ಲಿ ಎನ್‌ಕೋಡ್ ಕಡೆಗೇ ವಾಲಲು ಎರಡು ಕಾರಣ. ಒಂದು, ಮಾಲಿನಿ ಅವರ ಈ ವೀಡಿಯೋ ಒಂದೇ ಕಡೆ ನಿಲ್ಲುವುದಿಲ್ಲ. ಮಕ್ಕಳು, ಬೇರೆ ಶಿಕ್ಷಕರು ಇಳಿಸಿಕೊಳ್ಳುತ್ತಾರೆ, ಪೆನ್‌ಡ್ರೈವಿಗೆ ಹಾಕಿ ಟಿವಿಯಲ್ಲಿ ನೋಡುತ್ತಾರೆ, ಇನ್ನೊಂದು ತುಂಡು ಜೋಡಿಸುತ್ತಾರೆ. ಎಲ್ಲೋ ಒಂದು ಕಡೆ ಚೀಟಿ ಮತ್ತೆ ಉದುರುತ್ತದೆ. ಎರಡು, ಅಪ್‌ಲೋಡ್ ಮಾಡಿದ ಮೇಲೆ ತಾಣ ತಾನೇ ಹೇಗೂ ಮತ್ತೊಮ್ಮೆ ಎನ್‌ಕೋಡ್ ಮಾಡುತ್ತದೆ. ಅದರಲ್ಲಿ ಆಗುವ ನಷ್ಟದ ಮುಂದೆ crf 18 ರಲ್ಲಿ ಆಗುವುದು ಕಣ್ಣಿಗೆ ಬೀಳುವುದು ಕಷ್ಟ.

ಇಕ್ಬಾಲ್

ಕಷ್ಟ ಅಂದಿರಿ, ಇಲ್ಲ ಅನ್ನಲಿಲ್ಲ. ನನಗೆ ಮೂಲವನ್ನು ಮುಟ್ಟದಿರುವುದೇ ಇಷ್ಟ. ನೂರಾರು ಫೈಲ್ ಇರುವವರಿಗೆ ಸಮಯದ ಲೆಕ್ಕವೂ ಇದೆ. ಆದರೆ ಒಂದು ಮಾತು ಒಪ್ಪುತ್ತೇನೆ. ಒಂದು ತರಬೇತಿ ತಾಣಕ್ಕೆ ನಾನು ಹೀಗೆ ಚೀಟಿ ಅಂಟಿಸಿ ಕೊಟ್ಟಿದ್ದ ವೀಡಿಯೋ ಅಲ್ಲಿ ಅಡ್ಡ ಬಂತು. ಮುಖಪುಟದ ಸಣ್ಣ ಚಿತ್ರ ಮಾತ್ರ ನೆಟ್ಟಗಿತ್ತು. ಆ ಒಂದಕ್ಕೆ ಕೊನೆಗೆ ಎನ್‌ಕೋಡ್ ಮಾಡಲೇಬೇಕಾಯಿತು.

ಲತಾ

ನಾನೂ ನಡುವೆ ಕೇಳಲಾ? ನಾನು ಚಿತ್ರ ಬಿಡಿಸುವುದನ್ನು ತೆಗೆಯುತ್ತೇನೆ. ಫೋನ್ ಸ್ಟ್ಯಾಂಡಿನಲ್ಲಿ ಮೇಜಿನಿಂದ ಎತ್ತರದಲ್ಲಿ, ಹಿಂಬದಿಯ ಕ್ಯಾಮೆರಾ ಪೂರ್ತಿ ಕೆಳಮುಖವಾಗಿರುತ್ತದೆ. ಒಂದು ದಿನ ನೆಟ್ಟಗೆ ಬರುತ್ತದೆ, ಒಂದು ದಿನ ಅಡ್ಡ, ಒಮ್ಮೆ ತಲೆಕೆಳಗೂ ಬಂದಿದೆ. ಯಾವ ತಂತ್ರಾಂಶಕ್ಕೂ ಹಾಕಿಲ್ಲ. ಫೋನಿನಿಂದ ನೇರ ಅಪ್‌ಲೋಡ್. ನನ್ನ ಚೀಟಿ ಯಾರು ಕಿತ್ತರು?

ಸುಧೀಂದ್ರ

ನಿಮ್ಮದರಲ್ಲಿ ಯಾರೂ ಕಿತ್ತಿಲ್ಲ ಲತಾ ಅವರೇ. ಚೀಟಿಯಲ್ಲೇ ತಪ್ಪು ಬರೆದಿದೆ.

ಯಾವ ಕಡೆ ಕೆಳಗೆ ಅನ್ನುವುದನ್ನು ಫೋನು ಭೂಮಿಯ ಎಳೆತದಿಂದ ತಿಳಿಯುತ್ತದೆ. ನೆಟ್ಟಗೆ ಹಿಡಿದರೆ ಎಳೆತ ಫೋನಿನ ಬುಡದ ಕಡೆಗೆ, ಅಡ್ಡ ಹಿಡಿದರೆ ಪಕ್ಕದ ಕಡೆಗೆ. ಪೂರ್ತಿ ಕೆಳಮುಖವಾಗಿ ಇಟ್ಟಾಗ ಎಳೆತ ಪರದೆಯಿಂದ ಹಿಂಬದಿಗೆ ನೇರವಾಗಿ ಹೋಗುತ್ತದೆ. ನಾಲ್ಕು ಅಂಚುಗಳಲ್ಲಿ ಯಾವುದು ಕೆಳಗೆ ಅಂತ ತಿಳಿಯಲು ಅದಕ್ಕೆ ಏನೂ ಉಳಿಯುವುದಿಲ್ಲ. ಆಗ ಹಿಂದೆ ಹೇಗಿತ್ತೋ ಅದನ್ನೇ ಹಿಡಿದುಕೊಳ್ಳುತ್ತದೆ, ಇಲ್ಲವೇ ಸ್ಟ್ಯಾಂಡಿನ ಸಣ್ಣ ವಾಲಿಕೆಯನ್ನೇ ನಂಬುತ್ತದೆ. ರೆಕಾರ್ಡಿಂಗ್ ಶುರುವಾದ ಕ್ಷಣದಲ್ಲಿ ಇದ್ದ ದಿಕ್ಕೇ ಕೊನೆಯವರೆಗೂ ಚೀಟಿಯಲ್ಲಿ ಉಳಿಯುತ್ತದೆ. ನಡುವೆ ಫೋನ್ ತಿರುಗಿಸಿದರೂ ಬದಲಾಗುವುದಿಲ್ಲ.

ನೀವು ಹೀಗೆ ಮಾಡಿ. ಕ್ಯಾಮೆರಾ ತೆರೆದು ಫೋನನ್ನು ಮುಖದ ಎದುರು ನಿಮಗೆ ಬೇಕಾದ ದಿಕ್ಕಿನಲ್ಲಿ ಹಿಡಿಯಿರಿ. ಪರದೆಯ ಮೇಲಿನ ಫ್ಲ್ಯಾಶ್, ಗೇರ್ ಗುರುತುಗಳು ಆ ದಿಕ್ಕಿಗೆ ತಿರುಗಿ ನಿಲ್ಲುವುದನ್ನು ಕಣ್ಣಾರೆ ನೋಡಿ. ಅದೇ ಹಿಡಿತದಲ್ಲಿ ರೆಕಾರ್ಡಿಂಗ್ ಒತ್ತಿ, ಆಮೇಲೆ ನಿಧಾನವಾಗಿ ಸ್ಟ್ಯಾಂಡಿಗೆ ಸೇರಿಸಿ. ಶುರುವಿನ ಕೆಲವು ಸೆಕೆಂಡು ಕತ್ತರಿಸಬೇಕಾಗುತ್ತದೆ, ಅಷ್ಟೇ.

ಇನ್ನೊಂದು ಎಚ್ಚರಿಕೆ. ತೆಗೆದದ್ದು ಸರಿ ಇದೆಯಾ ಅಂತ ಫೋನಿನಲ್ಲೇ ನೋಡಬೇಡಿ. ಕೈಯಲ್ಲಿರುವ ಫೋನನ್ನು ನಾವು ಗೊತ್ತಿಲ್ಲದೆಯೇ ಚಿತ್ರಕ್ಕೆ ತಕ್ಕ ಹಾಗೆ ತಿರುಗಿಸಿಕೊಳ್ಳುತ್ತೇವೆ. ಕಂಪ್ಯೂಟರಿನ ಪರದೆ ಹಾಗೆ ತಿರುಗುವುದಿಲ್ಲ. ಅಲ್ಲಿ ನೋಡಿದರೆ ತಪ್ಪು ತಕ್ಷಣ ಸಿಗುತ್ತದೆ.

ವಸಂತ

ನನ್ನದು ಹಾಗೇ ಉಳಿಯಿತು. ನಾನು ತಿರುಗಿಸುವುದು ಕೇಳುತ್ತಿಲ್ಲ, ಕಪ್ಪು ತೆಗೆಯುವುದು ಕೇಳುತ್ತಿದ್ದೇನೆ.

ಸುಧೀಂದ್ರ

ಕ್ಷಮಿಸಿ ವಸಂತ ಅವರೇ. ನಿಮ್ಮ ವೀಡಿಯೋದಲ್ಲಿ ತಪ್ಪೇ ಇಲ್ಲದಿರಬಹುದು. ಹಳೆಯ ಟೇಪಿನ ಚಿತ್ರ 4:3, ಅಂದರೆ ಚೌಕಕ್ಕೆ ಹತ್ತಿರ. ಈಗಿನ ಪರದೆ 16:9. ಚೌಕದಂಥ ಚಿತ್ರವನ್ನು ಅಗಲದ ಪರದೆಯಲ್ಲಿ ತೋರಿಸುವಾಗ ಪಕ್ಕದಲ್ಲಿ ಜಾಗ ಉಳಿಯಲೇಬೇಕು.

ಅದನ್ನು ತುಂಬಿಸಲು ಎರಡೇ ದಾರಿ. ಎಳೆದರೆ ಎಲ್ಲರೂ ದಪ್ಪಗೆ, ಕುಳ್ಳಗೆ ಕಾಣುತ್ತಾರೆ. ಮೇಲೆ ಕೆಳಗೆ ಕತ್ತರಿಸಿದರೆ ಚಿತ್ರದ ಎತ್ತರದಲ್ಲಿ ನಾಲ್ಕರಲ್ಲಿ ಒಂದು ಪಾಲು ಹೋಗುತ್ತದೆ. ಸಮಾರಂಭದ ವೀಡಿಯೋ ಅಂದಿರಿ. ನಿಂತವರ ತಲೆ, ಕೂತವರ ಕೈ, ಇವೇ ಮೊದಲು ಹೋಗುವುದು. ನನ್ನ ಮಾತು ಕೇಳುವುದಾದರೆ ಹಾಗೇ ಬಿಡಿ.

ಟ್ಯಾಗ್ ವಿಷಯ ನಿಮ್ಮ ಮೊಮ್ಮಗಳು ಹೇಳಿದ್ದು ಒಂದು ಕಾಲದಲ್ಲಿ ನಿಜ. ಯೂಟ್ಯೂಬಿನಲ್ಲಿ `yt:stretch=16:9` ಅಂತ ಬರೆದರೆ ಎಳೆದು ತೋರಿಸುತ್ತಿತ್ತು. ಈಗ ಆ ಟ್ಯಾಗುಗಳು ಕೆಲಸ ಮಾಡುವುದಿಲ್ಲ.

ಒಂದನ್ನು ಮಾತ್ರ ನೋಡಿ. ಟೇಪನ್ನು ಕಂಪ್ಯೂಟರಿಗೆ ಹಾಕಿದವರು ಕಪ್ಪನ್ನು ಚಿತ್ರದೊಳಗೇ ಸೇರಿಸಿ ಕೊಟ್ಟಿದ್ದಾರಾ? ಫೈಲನ್ನು ಕಂಪ್ಯೂಟರಿನಲ್ಲಿ ಪೂರ್ತಿ ಪರದೆ ಮಾಡದೆ, ಚಿಕ್ಕ ಕಿಟಕಿಯಲ್ಲಿ ತೆರೆಯಿರಿ. ಕಿಟಕಿಯೇ ಚೌಕದ ಹಾಗೆ ತೆರೆದು ಪಕ್ಕದಲ್ಲಿ ಕಪ್ಪು ಇಲ್ಲದಿದ್ದರೆ ಫೈಲ್ ಸರಿ ಇದೆ, ಕಪ್ಪು ಪ್ಲೇಯರಿನದು. MediaInfo ದಲ್ಲಿ Display aspect ratio ಅನ್ನುವ ಸಾಲು 4:3 ಅಂತಲೂ ಹೇಳುತ್ತದೆ. ಅಲ್ಲಿ 16:9 ಇದ್ದು, ಕಿಟಕಿಯಲ್ಲೂ ಕಪ್ಪು ಕಂಡರೆ ಅದು ಒಳಗೇ ಸೇರಿದ ಕಪ್ಪು. ಅದನ್ನು ಕತ್ತರಿಸಬಹುದು.

ವಸಂತ

ಚಿಕ್ಕ ಕಿಟಕಿಯಲ್ಲಿ ಕಪ್ಪಿಲ್ಲ. ಚೌಕವಾಗಿಯೇ ತೆರೆಯಿತು. ನಮ್ಮ ಯಜಮಾನರು ಅದರಲ್ಲಿ ಎಡ ಅಂಚಿನಲ್ಲಿ ನಿಂತಿದ್ದಾರೆ, ಅವರ ಮೇಲೆ ಒಂದಿಷ್ಟೂ ಜಾಗವಿಲ್ಲ. ಕತ್ತರಿಸುವುದು ಬೇಡ. ಹೀಗೇ ಇರಲಿ.

ಇಕ್ಬಾಲ್

ಒಳಗೇ ಸೇರಿದ ಕಪ್ಪನ್ನು ಕತ್ತರಿಸುವ ಮಾತು ಬಂತಲ್ಲ, ಮೂಲ ಫೈಲ್ ಕಳೆದುಕೊಂಡವರಿಗೆ ಅದು ಬೇಕಾಗುತ್ತದೆ. ನನಗೆ ಒಮ್ಮೆ ಬೇಕಾಯಿತು. ಮಾಲಿನಿ ಅವರ ಮೂರನೇ ಫೈಲಿನಂಥದ್ದೇ. ಎಷ್ಟು ಕತ್ತರಿಸಬೇಕು ಅನ್ನುವುದನ್ನು ffmpeg ತಾನೇ ಅಳೆದು ಹೇಳುತ್ತದೆ:

```
ffmpeg -ss 60 -i pattiyiruva.mp4 -t 10 -vf cropdetect -f null -
```

ಬೆಳಕು ಚೆನ್ನಾಗಿರುವ ಭಾಗವನ್ನೇ ಕೊಡಿ. ಕತ್ತಲೆಯ ದೃಶ್ಯ ಕೊಟ್ಟರೆ ಚಿತ್ರವನ್ನೂ ಪಟ್ಟಿ ಅಂದುಕೊಳ್ಳುತ್ತದೆ. ಆದರೆ ನನಗೆ ಬಂದ ಉತ್ತರದಲ್ಲಿ ಎತ್ತರ 1072 ಅಂತ ಇತ್ತು. ಮೇಲೆ ಕೆಳಗೆ ಪಟ್ಟಿಯೇ ಇರಲಿಲ್ಲ, ಎಂಟು ಸಾಲು ಸುಮ್ನೆ ಹೋಯಿತು. ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಸುಧೀಂದ್ರ

ಅದು ಅಳತೆಯನ್ನು 16ರಿಂದ ಭಾಗವಾಗುವ ಹಾಗೆ ಇಳಿಸುತ್ತದೆ. 608 ಭಾಗವಾಗುತ್ತದೆ, 1080 ಆಗುವುದಿಲ್ಲ, ಅದಕ್ಕೆ 1072ಕ್ಕೆ ಇಳಿಯಿತು. `cropdetect=24:2:0` ಅಂತ ಬರೆದರೆ ಎರಡರ ಲೆಕ್ಕದಲ್ಲಿ ಅಳೆಯುತ್ತದೆ. ಆಮೇಲೆ ಕತ್ತರಿಸುವ ಸಾಲು ಹೀಗೆ:

```
ffmpeg -i pattiyiruva.mp4 -vf crop=608:1080:656:0 -crf 18 -c:a copy uddane.mp4
```

ಮೊದಲಿನ ಎರಡು ಅಂಕಿ ಉಳಿಯಬೇಕಾದ ಅಗಲ, ಎತ್ತರ. ಮೂರನೆಯದು ಎಡದಿಂದ ಎಷ್ಟು ಬಿಡಬೇಕು, ನಾಲ್ಕನೆಯದು ಮೇಲಿನಿಂದ ಎಷ್ಟು.

ಮಾಲಿನಿ ಅವರೇ, ನಿಮಗೆ ಇದು ಬೇಡ. ಪಟ್ಟಿ ಹೋದರೂ ಕುಗ್ಗಿದ ಚಿತ್ರ ಕುಗ್ಗಿದ್ದೇ. 1080 ಅಗಲದಲ್ಲಿದ್ದ ಕಾಗದ ಈಗ 608ರಲ್ಲಿ ಕೂತಿದೆ. ಒಟ್ಟು ಪಿಕ್ಸೆಲ್ ಲೆಕ್ಕ ಹಾಕಿದರೆ ಮೂಲದ ಮೂರರಲ್ಲಿ ಎರಡು ಪಾಲು ಹೋಗಿದೆ. ನಿಮ್ಮ ಮಡಿಕೆ ಗೆರೆ ಮಾಯವಾದದ್ದು ಅಲ್ಲೇ. ಕತ್ತರಿಸಿ ದೊಡ್ಡದು ಮಾಡಿದರೆ ಗೆರೆ ವಾಪಸ್ ಬರುವುದಿಲ್ಲ. ಮೂಲದಿಂದಲೇ ಮಾಡಿ.

ಎಡಿಟಿಂಗ್ ಆ್ಯಪ್‌ನಲ್ಲೇ ಮಾಡಬೇಕು ಅನ್ನಿಸಿದರೆ, ತುಣುಕನ್ನು ಒಳಗೆ ಹಾಕುವ ಮೊದಲು ಚೌಕಟ್ಟು 9:16 ಅಂತ ಆರಿಸಿ. ಡಾವಿಂಚಿ ರಿಸಾಲ್ವ್ ಬಳಸುವವರು ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ Use vertical resolution ಅನ್ನುವುದಕ್ಕೆ ಟಿಕ್ ಹಾಕಬೇಕು. ಎಕ್ಸ್‌ಪೋರ್ಟ್ ಮಾಡುವಾಗ ಮತ್ತೊಮ್ಮೆ ಅಳತೆ ನೋಡಿ. ಟೈಮ್‌ಲೈನ್ ಉದ್ದಕ್ಕೆ ಇದ್ದು ಎಕ್ಸ್‌ಪೋರ್ಟ್ 1920×1080 ಅಂತಲೇ ಉಳಿದುಬಿಟ್ಟಿರುತ್ತದೆ. ಆಗ ಮತ್ತೆ ಅದೇ ಪಟ್ಟಿ.

ಪವನ್

transpose ವಿಷಯದಲ್ಲಿ ನಾನು ಮೇಡಂ ಅವರ ಸಮಯ ಹಾಳು ಮಾಡಿದೆ, ಕ್ಷಮಿಸಿ. ನಾನು ಯಾವಾಗಲೂ ಒಂದು ಹಳೆಯ ಕ್ಯಾಮೆರಾದ ಫೈಲ್ ತಿರುಗಿಸುತ್ತಿದ್ದೆ. ಅದರಲ್ಲಿ ಚೀಟಿಯೇ ಇರುವುದಿಲ್ಲ ಅಂತ ಈಗ MediaInfo ದಲ್ಲಿ ನೋಡಿದ ಮೇಲೆ ಗೊತ್ತಾಯಿತು. ಅದಕ್ಕೇ ನನಗೆ ಸರಿ ಬರುತ್ತಿತ್ತು.

ಮಾಲಿನಿ

ಆಯಿತು! ಸುಧೀಂದ್ರ ಸರ್ ಕೊಟ್ಟ ಸಾಲನ್ನೇ ಮೂಲದ ಮೇಲೆ ಓಡಿಸಿದೆ. MediaInfo ದಲ್ಲಿ 1 080, 1 920 ಬಂತು, Rotation ಇಲ್ಲ. ಅಪ್‌ಲೋಡ್ ಮಾಡಿ ಪಕ್ಕದ ಮನೆಯವರ ಫೋನಿನಲ್ಲಿ ನೋಡಿದೆ. ಪರದೆ ತುಂಬ ಇದೆ. ನಾಲ್ಕನೇ ನಿಮಿಷದಲ್ಲಿ ಮೂಲೆಯನ್ನು ಒಳಗೆ ತೂರಿಸುವ ಜಾಗದಲ್ಲಿ ಉಗುರಿನಿಂದ ಎಳೆದ ಗೆರೆ ಕೂಡ ಕಾಣುತ್ತದೆ.

ಕಂಪ್ಯೂಟರಿನಲ್ಲಿ ನೋಡಿದರೆ ಪಕ್ಕದಲ್ಲಿ ಖಾಲಿ ಜಾಗ ಇದೆ. ಅದು ಪ್ಲೇಯರಿನದು ಅಲ್ವಾ? ಹಾಗೇ ಬಿಡುತ್ತೇನೆ.

ಇನ್ನೊಂದು ಪ್ರಶ್ನೆ. ಅಡ್ಡ ಮಲಗಿದ ಹಳೆಯ ವೀಡಿಯೋದ ಲಿಂಕನ್ನು ಆಗಲೇ ಮಕ್ಕಳಿಗೆ ಕಳುಹಿಸಿಬಿಟ್ಟಿದ್ದೆ. ಅದೇ ಲಿಂಕಿನಲ್ಲಿ ಹೊಸ ಫೈಲ್ ಕೂರಿಸಬಹುದೇ? ಯೂಟ್ಯೂಬ್.

ಸುಧೀಂದ್ರ

ಹೌದು, ಕಂಪ್ಯೂಟರಿನಲ್ಲಿ ಕಾಣುವುದು ಪ್ಲೇಯರಿನದೇ.

ಲಿಂಕ್ ವಿಷಯಕ್ಕೆ ಬಂದರೆ ಆಗುವುದಿಲ್ಲ. ಯೂಟ್ಯೂಬಿನಲ್ಲಿ ಫೈಲ್ ಬದಲಿಸುವ ವ್ಯವಸ್ಥೆ ಇಲ್ಲ. ಹೊಸ ಅಪ್‌ಲೋಡಿಗೆ ಹೊಸ ಲಿಂಕೇ ಬರುತ್ತದೆ. ಹಳೆಯದನ್ನು ಅಳಿಸಿದರೆ ಮಕ್ಕಳಿಗೆ ಏನೂ ಸಿಗುವುದಿಲ್ಲ. ಅದರ ವಿವರಣೆಯ ಮೊದಲ ಸಾಲಿನಲ್ಲಿ ಹೊಸ ಲಿಂಕ್ ಹಾಕಿ, ಹಳೆಯದನ್ನು ಅನ್‌ಲಿಸ್ಟೆಡ್ ಮಾಡಿಡಿ. ಲಿಂಕ್ ಇದ್ದವರಿಗೆ ತೆರೆಯುತ್ತದೆ, ಹುಡುಕುವವರಿಗೆ ಸಿಗುವುದಿಲ್ಲ.

ಲತಾ

ಗುರುತುಗಳು ತಿರುಗುವವರೆಗೆ ಕಾಯ್ದು ತೆಗೆಯುವ ಉಪಾಯ ಮೂರು ದಿನದಿಂದ ಮಾಡುತ್ತಿದ್ದೇನೆ. ಮೂರೂ ನೆಟ್ಟಗೆ ಬಂದಿವೆ.

ಈಗ ಬೇರೆ ತೊಂದರೆ. ಹಳೆಯ ಒಂದು ತುಣುಕು, ಹೊಸ ಒಂದು ತುಣುಕು ಜೋಡಿಸಿದೆ. ಮೊದಲನೆಯದು ಸರಿ ಇದೆ, ಎರಡನೆಯದು ಶುರುವಾದ ತಕ್ಷಣ ಮಲಗುತ್ತದೆ. ಬೇರೆ ಬೇರೆ ನೋಡಿದರೆ ಎರಡೂ ನೆಟ್ಟಗಿವೆ.

ಸುಧೀಂದ್ರ

ಎನ್‌ಕೋಡ್ ಮಾಡದೆ ಜೋಡಿಸಿದ್ದೀರಾ? ಹಾಗಿದ್ದರೆ ಕಾರಣ ಇದೇ ಇರಬೇಕು. ಜೋಡಿಸಿದ ಫೈಲಿನಲ್ಲಿ ವೀಡಿಯೋಗೆ ಒಂದೇ ಚೀಟಿ ಇರುತ್ತದೆ. ಮೊದಲ ತುಣುಕಿನ ಚೀಟಿಯೇ ಎರಡಕ್ಕೂ ಅನ್ವಯಿಸುತ್ತದೆ. ಎರಡನೆಯದರ ದಿಕ್ಕು ಬೇರೆಯಿದ್ದರೆ ಅದು ಮಲಗುತ್ತದೆ. ಎರಡನ್ನೂ ಬೇರೆ ಬೇರೆ ಎನ್‌ಕೋಡ್ ಮಾಡಿ, ಎರಡರ ಅಳತೆಯೂ 1080, 1920 ಆದ ಮೇಲೆ ಜೋಡಿಸಿ.

ಲತಾ

ಹಾಗೆ ಮಾಡಿದೆ. ಎರಡೂ ನೆಟ್ಟಗೆ ಬಂದವು. ಆದರೆ ಹಳೆಯ ತುಣುಕಿನ ಬಲ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದಿದೆ. ಹೊಸದರಲ್ಲಿ ಇಲ್ಲ.

ಸುಧೀಂದ್ರ

ಆ ಹಳೆಯ ತುಣುಕಿನ ಮೂಲ ಫೈಲಿನ Width, Height ಎಷ್ಟಿದೆ ನೋಡಿ ಬರೆಯಿರಿ. ಮೂಲವನ್ನು ಹಾಗೇ ತೆರೆದಾಗಲೂ ಆ ಗೆರೆ ಇದೆಯಾ ಅನ್ನುವುದನ್ನೂ ಹೇಳಿ. ಅದು ಗೊತ್ತಾಗದೆ ಕತ್ತರಿಸಿ ಅನ್ನಲಾರೆ.